ಗೈಡ್ ಬಲ್ಲ ವಿಷಯದಲ್ಲೇ ಹೊಸತು ಹುಡುಕಿ

ಪ್ರಶ್ನೆ: ನಾವು ನಾಲ್ಕು ಜನ, ಎಲೆಕ್ಟ್ರಾನಿಕ್ಸ್ ಫೈನಲ್ ಇಯರ್. ಬಜೆಟ್ 6,000 ರೂಪಾಯಿ. ಗೈಡ್ ಸಿಗ್ನಲ್ ಪ್ರೊಸೆಸಿಂಗ್‌ನವರು, ನಮಗೆ ಐಒಟಿ ಇಷ್ಟ. ಪ್ಯಾನೆಲ್ ನೋಡಿದ್ರೆ ‘ಹೊಸದೇನಿದೆ?’ ಅಂತ ಕೇಳುತ್ತೆ. ಟಾಪಿಕ್ ಹೇಗೆ ಆರಿಸೋದು?

ಮೊದಲು ಗೈಡ್, ಆಮೇಲೆ ಲ್ಯಾಬ್, ಹೊಸತನ ಕೊನೆಗೆ. ಇದೇ ಕ್ರಮದಲ್ಲಿ ಯೋಚಿಸಿ. ಕೆಲಸ ನಿಂತುಹೋದಾಗ ಗ್ರಾಫ್ ನೋಡಿ ‘ಇಲ್ಲಿ ತಪ್ಪಿದೆ’ ಅನ್ನೋರು ಬೇಕು. ನಿಮ್ಮ ಗೈಡ್ ಅದನ್ನು ಸಿಗ್ನಲ್‌ನಲ್ಲಿ ಮಾಡಬಲ್ಲರು, ಮೊಬೈಲ್ ಆ್ಯಪ್‌ನಲ್ಲಿ ಅಲ್ಲ.

ನಿಮ್ಮ ಜಾಗದಲ್ಲಿದ್ದರೆ ನಾನು ಮೋಟಾರ್ ಬೇರಿಂಗ್ ಹಾಳಾಗಿರುವುದನ್ನು ಕಂಪನದಿಂದ ಪತ್ತೆಹಚ್ಚುವ ಟಾಪಿಕ್ ಆರಿಸುತ್ತಿದ್ದೆ. ಇದು ಹಳೆಯ ವಿಷಯವೇ. ಆದರೆ ಇದರಲ್ಲಿ ಎಲ್ಲರೂ ಬಳಸುವ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ಡೇಟಾ ಸೆಕೆಂಡಿಗೆ 12,000 ಅಥವಾ 48,000 ಸಲ ಅಳೆದದ್ದು. ಕೆಲವು ನೂರು ರೂಪಾಯಿಯ ಎಡಿಎಕ್ಸ್‌ಎಲ್345 ಸೆನ್ಸರ್ ಅಳೆಯೋದು ಹೆಚ್ಚೆಂದರೆ 3,200 ಸಲ. ಅಷ್ಟರಲ್ಲಿ ಎಷ್ಟು ದೊಡ್ಡ ದೋಷ ಸಿಗುತ್ತದೆ, ಯಾವುದು ತಪ್ಪಿಹೋಗುತ್ತದೆ? ಆಗತಾನೆ ಶುರುವಾದ ದೋಷ ಹೆಚ್ಚಾಗಿ ಮೇಲಿನ ಫ್ರೀಕ್ವೆನ್ಸಿಯಲ್ಲಿ ಇರುವುದರಿಂದ ಅದು ಈ ಸೆನ್ಸರ್‌ಗೆ ಕಾಣುವುದಿಲ್ಲ. ಆ ಮಿತಿಯನ್ನು ಅಳೆದು ತೋರಿಸಿ. ಪ್ಯಾನೆಲ್ ಕೇಳುವ ಹೊಸತನ ಅದೇ.

ಖರ್ಚಿಗೆ ಇಎಸ್‌ಪಿ32 ಬೋರ್ಡ್, ಸೆನ್ಸರ್, ಎರಡು 6205 ಬೇರಿಂಗ್ ಸಾಕು. ಆ ಬೇರಿಂಗ್ ಕೂರುವ ಮೋಟಾರನ್ನು ಎಲೆಕ್ಟ್ರಿಕಲ್ ಲ್ಯಾಬ್‌ನಲ್ಲಿ ಕೇಳಿ ಪಡೆಯಿರಿ. ಮೂರನೇ ಒಂದು ಪಾಲು ದುಡ್ಡನ್ನು ಸುಟ್ಟುಹೋಗುವ ಬೋರ್ಡಿಗೆ ಎತ್ತಿಡಿ. ಕೆ.ಎಸ್.ಸಿ.ಎಸ್.ಟಿ.ಯ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆಗೂ ಅರ್ಜಿ ಹಾಕಿ, ಆದರೆ ಆ ಹಣ ನಂಬಿ ಲೆಕ್ಕ ಹಾಕಬೇಡಿ.

ಸಿನಾಪ್ಸಿಸ್ ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಲೇಬೇಕು. ಸೆನ್ಸರನ್ನು ಎಸ್‌ಪಿಐನಲ್ಲಿ ಜೋಡಿಸಿ, ಐ2ಸಿಯಲ್ಲಿ ಆ ವೇಗ ಬರೋದಿಲ್ಲ. ಬೇರಿಂಗ್ ಇರುವ ಕಡೆಗೇ ಅದನ್ನು ಗಟ್ಟಿಯಾಗಿ ಕೂರಿಸಿ, ಎಫ್‌ಎಫ್‌ಟಿ ತೆಗೆಯಿರಿ. ಮೋಟಾರ್ 1,440 ಆರ್‌ಪಿಎಂನಲ್ಲಿ ತಿರುಗಿದರೆ 24 ಹರ್ಟ್ಜ್‌ನಲ್ಲಿ ಒಂದು ಪೀಕ್ ಕಾಣಬೇಕು. ಇನ್ನು 6205ರ ಹೊರಬಳೆಯಲ್ಲಿ ಗೀರು ಹಾಕಿ ಓಡಿಸಿದರೆ ವೇಗದ ಸುಮಾರು 3.58 ಪಟ್ಟು, ಅಂದರೆ 86 ಹರ್ಟ್ಜ್ ಹತ್ತಿರ ಇನ್ನೊಂದು ಏಳಬಹುದು. ಜೊತೆಗೆ 100 ಹರ್ಟ್ಜ್‌ನಲ್ಲೂ ಒಂದು ಇರುತ್ತದೆ. ಅದು 50 ಹರ್ಟ್ಜ್ ಕರೆಂಟಿನ ಗುಂಯ್‌ಗುಡುವಿಕೆ, ಅದನ್ನು ದೋಷ ಅಂತ ಬರೆದುಬಿಡುವವರು ಜಾಸ್ತಿ. ಸ್ವಿಚ್ ಆಫ್ ಮಾಡಿ ನೋಡಿ: 100ರದ್ದು ಆ ಕ್ಷಣವೇ ಮಾಯ, ಬೇರಿಂಗಿನದು ವೇಗ ಇಳಿದಂತೆ ನಿಧಾನವಾಗಿ ಕೆಳಕ್ಕೆ ಸರಿಯುತ್ತದೆ.

24 ಹರ್ಟ್ಜ್ ಪೀಕೇ ಕಾಣದಿದ್ದರೆ ಮೊದಲು ಸೆನ್ಸರ್ ಸಡಿಲವಾಗಿದೆಯಾ ನೋಡಿ. ಆಮೇಲೂ ಬರದಿದ್ದರೆ ಆ ಗ್ರಾಫನ್ನೇ ಗೈಡ್ ಹತ್ತಿರ ಒಯ್ಯಿರಿ. ಅದನ್ನು ನೋಡಿ ಅವರು ಮುಂದಿನ ಪ್ರಶ್ನೆ ಕೇಳಿದರೆ ಈ ಟಾಪಿಕ್ ಹಿಡಿಯಿರಿ. ‘ಏನೋ ಮಾಡಿಕೊಳ್ಳಿ’ ಅಂದರೆ ಸಿನಾಪ್ಸಿಸ್‌ಗೆ ಇನ್ನೂ ಸಮಯ ಇದೆಯಲ್ವಾ, ಅವರೇ ಈಚೆಗೆ ಬರೆದ ಪೇಪರಿನಿಂದ ಬೇರೆ ಟಾಪಿಕ್ ಹುಡುಕಿ.