ಮೂರು ಕಿಲೋವ್ಯಾಟ್ ಸೋಲಾರ್: ನಾಲ್ಕು ವರ್ಷದಲ್ಲಿ ದುಡ್ಡು ವಾಪಸ್ ಬರುತ್ತದಾ?

"ಸುರತ್ಕಲ್‌ನಲ್ಲಿ ನಮ್ಮ ಮನೆ. 3 ಕಿಲೋವ್ಯಾಟ್ ಸೋಲಾರ್‌ಗೆ 2,10,000 ಹೇಳಿದ್ದಾರೆ. 78,000 ಸಬ್ಸಿಡಿ ಕಳೆದರೆ 1,32,000, ಬಿಲ್ ಝೀರೋ, 4 ವರ್ಷದಲ್ಲಿ ದುಡ್ಡು ವಾಪಸ್ ಅಂತೆ. ಎ.ಸಿ. ಹಾಕಿದ ಮೇಲೆ ಬೇಸಿಗೆಯಲ್ಲಿ 300 ಯೂನಿಟ್ ದಾಟುತ್ತದೆ, ಮಳೆಗಾಲದಲ್ಲಿ 180. ಮಳೆಗಾಲದಲ್ಲಿ ಗೃಹಜ್ಯೋತಿಯಿಂದ ಬಿಲ್ ಬರುವುದಿಲ್ಲ. ಮೀಟರ್ ಮಾವನ ಹೆಸರಲ್ಲಿ ಉಂಟು, ಅವರು ತೀರಿಕೊಂಡಿದ್ದಾರೆ. ಹಾಕಿಸಬಹುದಾ?"

ಅಕ್ಕಾ, ನಾನು ಉಡುಪಿಯಲ್ಲಿ ಇದೇ ಕೆಲಸ ಮಾಡುವವನು. ನಿಮಗೆ ಹೇಳಿದ ನಾಲ್ಕು ವರ್ಷದ ಲೆಕ್ಕ ನಿಮ್ಮ ಮನೆಗೆ ಹೊಂದುವುದಿಲ್ಲ. ನೀವು ಬರೆದ ಮಳೆಗಾಲದ ಬಿಲ್ಲೇ ಅದಕ್ಕೆ ಕಾರಣ.

ಮಳೆಗಾಲದ ನಾಲ್ಕು ತಿಂಗಳು ನೀವು ಈಗಲೇ ದುಡ್ಡು ಕಟ್ಟುತ್ತಿಲ್ಲ. ಕಟ್ಟದ ಬಿಲ್ಲಿನಲ್ಲಿ ಉಳಿತಾಯ ಎಲ್ಲಿಂದ ಬರಬೇಕು? ಅದೂ ಅಲ್ಲದೆ ಜೂನ್, ಜುಲೈಯಲ್ಲಿ ನಮ್ಮ ಕರಾವಳಿಯಲ್ಲಿ ಪ್ಯಾನೆಲ್ ಕೊಡುವುದೇ ಬೇಸಿಗೆಯ ಅರ್ಧದಷ್ಟು. ಹಾಗಾಗಿ ಉಳಿದ ಎಂಟು ತಿಂಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಒಂದು ಕಿಲೋವ್ಯಾಟಿಗೆ ದಿನಕ್ಕೆ ಸುಮಾರು 4 ಯೂನಿಟ್ ಅಂದರೆ 3 ಕಿಲೋವ್ಯಾಟಿನಿಂದ ತಿಂಗಳಿಗೆ 360. ನೀವು ಬಳಸುವುದು ಸರಾಸರಿ 300 ಅಂತ ಇಟ್ಟುಕೊಳ್ಳೋಣ. ಎಂಟು ತಿಂಗಳಿಗೆ 2,400 ಯೂನಿಟ್. ತೆರಿಗೆ ಎಲ್ಲ ಸೇರಿಸಿ ಯೂನಿಟಿಗೆ 6.50 ಹಿಡಿದರೆ ವರ್ಷಕ್ಕೆ 15,600 ರೂಪಾಯಿ. 1,32,000 ವಾಪಸ್ ಬರಲು ಎಂಟೂವರೆ ವರ್ಷ ಬೇಕು. ಉಳಿದ ಯೂನಿಟ್ ಮೆಸ್ಕಾಂಗೆ ಹೋಗುತ್ತದೆ ನಿಜ, ಆದರೆ ಅದಕ್ಕೆ ಸಿಗುವ ದರ ನಾವು ಕಟ್ಟುವ ದರಕ್ಕಿಂತ ತುಂಬಾ ಕಡಿಮೆ. ನಾನು ಅದನ್ನು ಯಾರಿಗೂ ಉಳಿತಾಯದಲ್ಲಿ ಸೇರಿಸಿ ತೋರಿಸುವುದಿಲ್ಲ.

2 ಕಿಲೋವ್ಯಾಟಿಗೂ ಒಂದು ಕೊಟೇಶನ್ ಕೇಳಿ. ಸಬ್ಸಿಡಿ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ ಬರೀ 18,000. ಅದರ ಮೇಲೆ ಎಷ್ಟು ಹಾಕಿದರೂ 78,000ಕ್ಕೆ ನಿಲ್ಲುತ್ತದೆ. ಒಂದೂವರೆ ಲಕ್ಷದ ಒಳಗೆ ಆದರೆ ನಿಮ್ಮ ಕೈಯಿಂದ ಹೋಗುವುದು 90,000. ಎಂಟು ತಿಂಗಳಲ್ಲಿ ಬರುವ 1,920 ಯೂನಿಟ್ ಪೂರ್ತಿ ನಿಮ್ಮ ಮನೆಗೇ ಖರ್ಚಾಗುತ್ತದೆ. ಆಗ ಏಳು ವರ್ಷದ ಹತ್ತಿರ ಬರುತ್ತದೆ. ಇನ್ನೊಂದು ಎ.ಸಿ. ಹಾಕುವ ಯೋಚನೆ ಇದ್ದರೆ ಮಾತ್ರ 3 ಸರಿ.

"ಝೀರೋ" ಅನ್ನುವ ಮಾತು ಬಿಟ್ಟುಬಿಡಿ. ಸೋಲಾರ್ ಹಾಕಿದರೂ ನಿಗದಿತ ಶುಲ್ಕ ಬಿಲ್ಲಿನಲ್ಲಿ ಇದ್ದೇ ಇರುತ್ತದೆ. ಅದು ಮಂಜೂರಾದ ಲೋಡಿನ ಮೇಲೆ ಬರುವುದು. ನಿಮ್ಮದು 1 ಕಿಲೋವ್ಯಾಟ್ ಇದ್ದು ಸೋಲಾರ್‌ಗಾಗಿ ಅದು ಏರಿದರೆ ಈ ಶುಲ್ಕವೂ ಏರುತ್ತದೆ. ಬಿಲ್ಲಿನ ಮೇಲ್ಭಾಗದಲ್ಲೇ ಲೋಡ್ ಬರೆದಿರುತ್ತದೆ, ನೋಡಿ.

ಇದೇ ಪ್ರಶ್ನೆಗೆ ಉತ್ತರ ಬರೆದ ಭಟ್ರು, ಗೃಹಜ್ಯೋತಿ ಇದ್ದವರಿಗೆ ಸೋಲಾರ್ ದಂಡ ಅಂದಿದ್ದಾರೆ. ವರ್ಷವಿಡೀ ಬಿಲ್ ಬಾರದ ಮನೆಗೆ ಆ ಮಾತು ಸರಿ. ಕಾಪುವಿನ ನನ್ನ ಚಿಕ್ಕಮ್ಮನಿಗೆ ನಾನೇ ಬೇಡ ಅಂದಿದ್ದೇನೆ. ಆದರೆ ನಿಮ್ಮ ಹಾಗೆ 200 ದಾಟಿ ಪೂರ್ತಿ ಬಿಲ್ ಕಟ್ಟುವ ತಿಂಗಳುಗಳಿದ್ದರೆ ದಂಡ ಅಲ್ಲ. ಸೋಲಾರ್ ಕಳೆದು ಉಳಿದ ಯೂನಿಟ್ 200ರ ಒಳಗೆ ಬಂದರೆ ಗೃಹಜ್ಯೋತಿ ಸಿಗುತ್ತದಾ? ಇದಕ್ಕೆ ಬೇರೆ ಬೇರೆಯವರು ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ನಿಮ್ಮ ಉಪವಿಭಾಗ ಕಚೇರಿಯಲ್ಲಿ ಬರವಣಿಗೆಯಲ್ಲೇ ಕೇಳಿ. ಅಲ್ಲಿಯವರೆಗೆ ಅದನ್ನು ಲಾಭ ಅಂತ ಎಣಿಸಬೇಡಿ.

ಇಲ್ಲೇ ಶೆಟ್ರು, ಕರೆಂಟ್ ಹೋದಾಗ ಸೋಲಾರ್ ನಡೆಯುತ್ತದಾ ಅಂತ ಕೇಳಿದ್ದಾರೆ. ಶೆಟ್ರೇ, ಬ್ಯಾಟರಿ ಇಲ್ಲದ ಈ ಸೋಲಾರ್, ಲೈನ್ ಹೋದರೆ ತಾನೂ ನಿಲ್ಲುತ್ತದೆ, ಮಟಮಟ ಮಧ್ಯಾಹ್ನ ಆದರೂ. ಲೈನ್‌ಮ್ಯಾನ್ ಕಂಬದ ಮೇಲೆ ಇರುವಾಗ ನಮ್ಮ ಮನೆಯಿಂದ ಕರೆಂಟ್ ಹೋಗಬಾರದಲ್ವಾ. ನಿಮ್ಮ ಹಳೇ ಇನ್ವರ್ಟರ್ ಬೇರೆಯೇ ಇರಲಿ.

ಇನ್ನು ಕಾಗದಪತ್ರ. ಸಬ್ಸಿಡಿಯನ್ನು ಸರ್ಕಾರ ಮೊದಲೇ ಕಳೆದುಕೊಡುವುದಿಲ್ಲ. ಸೂರ್ಯಘರ್ ಯೋಜನೆಯ pmsuryaghar.gov.in ತಾಣದಲ್ಲಿ ಅರ್ಜಿ, ಒಪ್ಪಿಗೆ, ಆಮೇಲೆ ಪ್ಯಾನೆಲ್, ನೆಟ್ ಮೀಟರ್, ಮೆಸ್ಕಾಂ ತಪಾಸಣೆ. ಇಷ್ಟೂ ಮುಗಿದ ಮೇಲೆ ದುಡ್ಡು ನಿಮ್ಮ ಬ್ಯಾಂಕ್ ಖಾತೆಗೇ ಬರುವುದು. ಅಷ್ಟರವರೆಗೆ 78,000ವನ್ನೂ ನೀವೇ ಹೊಂದಿಸಬೇಕು. "1,32,000 ಕೊಡಿ ಸಾಕು" ಅಂದವರನ್ನು, ಸಬ್ಸಿಡಿ ತಡವಾದರೆ ಬಾಕಿ ಯಾರದ್ದು ಅಂತ ಕೇಳಿ, ಉತ್ತರವನ್ನು ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ. ಪ್ಯಾನೆಲ್ ಡಿ.ಸಿ.ಆರ್. ಅಂತಲೂ ಅಲ್ಲಿ ಇರಬೇಕು. ಅಂದರೆ ಪ್ಯಾನೆಲ್ ಮಾತ್ರವಲ್ಲ, ಅದರೊಳಗಿನ ಸೆಲ್ ಕೂಡ ನಮ್ಮ ದೇಶದ್ದೇ ಆಗಿರಬೇಕು, ಇಲ್ಲದಿದ್ದರೆ ಸಬ್ಸಿಡಿ ಇಲ್ಲ. ಅಗ್ಗದ ಕೊಟೇಶನ್‌ನಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಈ ಒಂದು ಪದ.

ಹೆಸರಿನ ಕೆಲಸ ಎಲ್ಲಕ್ಕಿಂತ ಮೊದಲು. ಒಬ್ಬರ ಮನೆಯಲ್ಲಿ ನಾನೇ ಅವಸರ ಮಾಡಿ, ಬಿಲ್ಲಿನಲ್ಲಿ ಇನಿಶಿಯಲ್ ಹಿಂದೆ, ಪಾಸ್‌ಬುಕ್ಕಿನಲ್ಲಿ ಮುಂದೆ ಇದ್ದದ್ದನ್ನು ಗಮನಿಸಲಿಲ್ಲ. ಪ್ಯಾನೆಲ್ ಓಡುತ್ತಿತ್ತು, ಸಬ್ಸಿಡಿ ತಿಂಗಳುಗಟ್ಟಲೆ ನಿಂತಿತ್ತು. ನಿಮ್ಮಲ್ಲಿ ಮೀಟರೇ ಮಾವನ ಹೆಸರಲ್ಲಿದೆ. ಮರಣ ಪತ್ರ, ಮನೆಯ ತೆರಿಗೆ ರಶೀದಿ ಹಿಡಿದುಕೊಂಡು ಹೋಗಿ, ಇನ್ನೇನು ಬೇಕು ಅಂತ ಕಚೇರಿಯಲ್ಲೇ ಕೇಳಿ ಹೆಸರು ಬದಲಾಯಿಸಿ. ಹೊಸ ಹೆಸರಿನಲ್ಲಿ ಒಂದು ಬಿಲ್ ಕೈಗೆ ಬರುವವರೆಗೆ ಯಾರಿಗೂ ಅಡ್ವಾನ್ಸ್ ಕೊಡಬೇಡಿ.

ಹನ್ನೆರಡು ತಿಂಗಳ ಬಿಲ್ಲಿನ ಯೂನಿಟ್ ಮಾತ್ರ ಇಲ್ಲಿ ಬರೆಯಿರಿ, ಖಾತೆ ಸಂಖ್ಯೆ ಬೇಡ. ಬೆಳಿಗ್ಗೆ ಒಂಬತ್ತಕ್ಕೆ ಮತ್ತು ಸಂಜೆ ನಾಲ್ಕಕ್ಕೆ ತಾರಸಿಯ ಒಂದೊಂದು ಫೋಟೋ ಹಾಕಿ. ತೆಂಗಿನ ಮರದ ನೆರಳು ಎಲ್ಲಿಯವರೆಗೆ ಬರುತ್ತದೆ ಅಂತ ನೋಡಬೇಕು, ಅದನ್ನು ನಾನು ಈ ಲೆಕ್ಕದಲ್ಲಿ ಹಿಡಿದಿಲ್ಲ.