ಅಂಗೈಯ ಹುರಿ, ಬಾಗುವ ಬೆರಳು

ಪ್ರಶ್ನೆ: ನನಗೆ 63 ವರ್ಷ, ನಿವೃತ್ತ ಬ್ಯಾಂಕ್ ನೌಕರ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಬಲಗೈಯ ಉಂಗುರ ಬೆರಳಿನ ನೇರಕ್ಕೆ ಅಂಗೈಯಲ್ಲಿ ಮೊದಲು ಒಂದು ಗಂಟು ಬಂತು, ಈಗ ಹುರಿಯಂತೆ ಉದ್ದವಾಗಿದೆ. ಬೆರಳು ಬುಡದಲ್ಲಿ ಒಳಕ್ಕೆ ಬಾಗಿದೆ, ನಡುವಿನ ಗೆಣ್ಣು ಮಾತ್ರ ನೆಟ್ಟಗಿದೆ. ನೋವಿಲ್ಲ. ನರ ಎಳೆದುಕೊಂಡಿದೆ, ಎಣ್ಣೆ ಹಚ್ಚಿ ತಿಕ್ಕಿ ಎನ್ನುತ್ತಾರೆ ಕೆಲವರು. ಕುಷ್ಠವಿರಬಹುದೇ ಎಂದು ಮನೆಯವರಿಗೆ ಭಯ. ಆಪರೇಷನ್ ಬೇಕೇ?

ಉತ್ತರ: ಮನೆಯವರ ಭಯವನ್ನು ಮೊದಲು ನಿವಾರಿಸೋಣ. ಕುಷ್ಠದಲ್ಲಿಯೂ ಉಂಗುರ ಬೆರಳು ಮತ್ತು ಕಿರುಬೆರಳು ಬಾಗುತ್ತವೆ. ಆದರೆ ಅಲ್ಲಿ ನರ ಕೆಟ್ಟಿರುವುದರಿಂದ ಆ ಬೆರಳುಗಳಲ್ಲಿ ಸ್ಪರ್ಶ ಮಂಕಾಗಿರುತ್ತದೆ, ಅಂಗೈಯಲ್ಲಿ ಹುರಿ ಇರುವುದಿಲ್ಲ, ಮತ್ತು ಆರಂಭದಲ್ಲಿ ಇನ್ನೊಂದು ಕೈಯಿಂದ ಬೆರಳನ್ನು ನೆಟ್ಟಗೆ ಮಾಡಬಹುದು. ಕಣ್ಣು ಮುಚ್ಚಿಕೊಂಡು ಬೆರಳ ತುದಿಗೆ ಹತ್ತಿ ಸೋಕಿಸಿ ನೋಡಿ. ಸ್ಪರ್ಶ ಸರಿಯಾಗಿ ತಿಳಿದು, ಎಷ್ಟು ಎತ್ತಿದರೂ ಬೆರಳು ಪೂರ್ತಿ ಬಿಚ್ಚದೆ ಹುರಿ ಬಿಗಿಯಾಗಿ ಎದ್ದು ನಿಂತರೆ ಅದು ಡುಪ್ವಿಟ್ರಾನ್ ಸಂಕೋಚನ. 1831ರಲ್ಲಿ ಪ್ಯಾರಿಸ್‌ನಲ್ಲಿ ಇದನ್ನು ವಿವರಿಸಿದ ಶಸ್ತ್ರವೈದ್ಯ ಡುಪ್ವಿಟ್ರಾನ್ ಅವರ ಹೆಸರೇ ಇದಕ್ಕೆ ಅಂಟಿಕೊಂಡಿದೆ. ಉತ್ತರ ಯುರೋಪಿನ ಮೂಲದವರಲ್ಲಿ ಹೆಚ್ಚು, ನಮ್ಮಲ್ಲಿ ಕಡಿಮೆ. ಆದರೆ ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಅಪರೂಪವೇನಲ್ಲ.

ಬಾಗಿಸುತ್ತಿರುವುದು ನರವೂ ಅಲ್ಲ, ಬೆರಳನ್ನು ಮಡಿಸುವ ಸ್ನಾಯುರಜ್ಜುವೂ ಅಲ್ಲ. ಅಂಗೈ ಚರ್ಮದ ಕೆಳಗೆ, ರಜ್ಜುಗಳ ಮೇಲೆ, ಗಟ್ಟಿಯಾದ ಒಂದು ಪೊರೆ ಇದೆ. ಅದರ ಜೀವಕೋಶಗಳು ತಾವೇ ಕುಗ್ಗುವ ಗುಣ ಪಡೆದು, ಹೊಸ ನಾರನ್ನು ನೇಯುತ್ತಾ ಪೊರೆಯನ್ನು ಗಿಡ್ಡ ಮಾಡುತ್ತವೆ. ಹಾಗಾಗಿ ಎಣ್ಣೆಯಿಂದ ತಿಕ್ಕಿದರೆ ಚರ್ಮ ಮೆತ್ತಗಾದೀತು, ಹುರಿ ಉದ್ದವಾಗದು. ರಾತ್ರಿ ಪಟ್ಟಿ ಕಟ್ಟಿ ಬಲವಂತವಾಗಿ ಬಿಚ್ಚಿಸುವುದರಿಂದ ರೋಗ ನಿಂತದ್ದಕ್ಕೂ ಒಳ್ಳೆಯ ಪುರಾವೆ ಇಲ್ಲ.

ಈಗ ನಿಮ್ಮ ಪತ್ರದ ಬಹುಮುಖ್ಯ ಮಾತಿಗೆ ಬರುತ್ತೇನೆ: ಬುಡ ಬಾಗಿದೆ, ನಡುಗೆಣ್ಣು ನೆಟ್ಟಗಿದೆ. ಬುಡದ ಕೀಲಿನ ಕಟ್ಟುಗಳು ಬೆರಳು ಮಡಿಸಿದಾಗಲೇ ಬಿಗಿಯಾಗಿರುತ್ತವೆ, ಆದ್ದರಿಂದ ಅದು ಬಹಳ ಕಾಲ ಬಾಗಿಯೇ ಇದ್ದರೂ ಹುರಿ ಬಿಡಿಸಿದ ಮೇಲೆ ಸಾಮಾನ್ಯವಾಗಿ ಪೂರ್ತಿ ನೆಟ್ಟಗಾಗುತ್ತದೆ. ನಡುಗೆಣ್ಣು ಹಾಗಲ್ಲ. ಅದು ಬಾಗಿಕೊಂಡೇ ಉಳಿದರೆ ಕೀಲಿನ ಸ್ವಂತ ಕಟ್ಟುಗಳೇ ಗಿಡ್ಡವಾಗುತ್ತವೆ, ಆಮೇಲೆ ಹುರಿ ತೆಗೆದರೂ ಬೆರಳು ಅರ್ಧ ಮಡಿದೇ ಉಳಿಯುತ್ತದೆ. ಆದ್ದರಿಂದ ಬುಡ ಬಾಗಿದ್ದರೆ ಯೋಚಿಸಲು ಸಮಯವಿದೆ, ನಡುಗೆಣ್ಣು ಬಾಗತೊಡಗಿದರೆ ಇಲ್ಲ.

ಅಂಗೈಯನ್ನು ಮೇಜಿನ ಮೇಲೆ ಬೋರಲಾಗಿ ಒತ್ತಿ. ಚಪ್ಪಟೆಯಾಗಿ ಕೂತರೆ ಸದ್ಯಕ್ಕೆ ಏನೂ ಮಾಡಬೇಕಿಲ್ಲ. ಕೂರದಿದ್ದರೆ ಪಕ್ಕದಿಂದ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟು ಮೂರು ತಿಂಗಳಿಗೊಮ್ಮೆ ಹೋಲಿಸಿ. ಬುಡದ ಬಾಗು 30 ಡಿಗ್ರಿ ದಾಟಿದರೆ ಚಿಕಿತ್ಸೆಯ ಮಾತು ಶುರುವಾಗುತ್ತದೆ. ಜೇಬಿಗೆ ಕೈ ಹೋಗದು, ಮುಖ ತೊಳೆಯುವಾಗ ಬೆರಳು ಕಣ್ಣಿಗೆ ಚುಚ್ಚುತ್ತದೆ ಎಂಬ ದೂರುಗಳೂ ಸುಮಾರಾಗಿ ಇದೇ ಹೊತ್ತಿಗೆ ಬರುತ್ತವೆ.

ನಿಮ್ಮಂತೆ ಅಂಗೈಯಲ್ಲಿ ಒಂದೇ ಸ್ಪಷ್ಟ ಹುರಿ ಇರುವವರಿಗೆ ನಾನು ಮೊದಲು ಸೂಚಿಸುವುದು ಸೂಜಿ ವಿಧಾನ. ಚರ್ಮಕ್ಕೆ ಮಾತ್ರ ಸ್ವಲ್ಪ ಮರಗಟ್ಟುವ ಔಷಧಿ ಕೊಟ್ಟು, ಇಂಜೆಕ್ಷನ್ ಸೂಜಿಯ ಮೊನೆಯಿಂದ ಹುರಿಯನ್ನು ಎರಡು ಮೂರು ಕಡೆ ಕುಯ್ದು, ಬೆರಳನ್ನು ಎಳೆದು ಬಿಡಿಸುತ್ತಾರೆ. ಹುರಿ ಟಪ್ ಎಂದು ಹರಿಯುವುದು ನಿಮಗೇ ಕೇಳಿಸಬಹುದು. ಬೆರಳನ್ನು ಪೂರ್ತಿ ಮರಗಟ್ಟಿಸದಿರಲು ಕಾರಣವಿದೆ: ಸೂಜಿ ನರದ ಹತ್ತಿರ ಹೋದರೆ ಬೆರಳ ತುದಿಗೆ ಮಿಂಚು ಹೊಡೆದಂತಾಗುತ್ತದೆ, ಆಗ ನೀವು ತಕ್ಷಣ ಹೇಳಬೇಕು. ನಡುನಡುವೆ ಬೆರಳ ತುದಿ ಆಡಿಸಲು ಹೇಳುತ್ತಾರೆ. ಸೂಜಿಯೂ ಜೊತೆಗೆ ಅಲ್ಲಾಡಿದರೆ ಮೊನೆ ರಜ್ಜುವಿಗೆ ತಾಗಿದೆ ಎಂದರ್ಥ, ಹಿಂತೆಗೆಯುತ್ತಾರೆ. ಅದೇ ದಿನ ಮನೆಗೆ ಹೋಗಬಹುದು, ಕೆಲವೇ ದಿನಗಳಲ್ಲಿ ಹಗುರ ಕೆಲಸ ಮಾಡಬಹುದು.

ಅದರ ಕೊರತೆಯೆಂದರೆ ಹುರಿ ಒಳಗೇ ಉಳಿಯುತ್ತದೆ. ನೆದರ್ಲೆಂಡ್ಸ್‌ನಲ್ಲಿ ಎರಡು ವಿಧಾನಗಳನ್ನು ಹೋಲಿಸಿದ ಅಧ್ಯಯನವೊಂದರಲ್ಲಿ ಐದು ವರ್ಷದೊಳಗೆ ಬಾಗು ಮರಳಿದ್ದು ಸೂಜಿಯಲ್ಲಿ ಸುಮಾರು 85 ಶೇಕಡ, ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಸುಮಾರು 21. ಮರಳಿದರೆ ಸೂಜಿಯನ್ನು ಮತ್ತೆ ಮಾಡಬಹುದು. ತೆರೆದ ಚಿಕಿತ್ಸೆಯಲ್ಲಿ ಅಂಗೈಯನ್ನು ಅಂಕುಡೊಂಕಾಗಿ ಕೊಯ್ದು ರೋಗಗ್ರಸ್ತ ಪೊರೆಯನ್ನೇ ತೆಗೆಯುತ್ತಾರೆ. ಹೊಲಿಗೆ ಬಿಚ್ಚಲು ಸುಮಾರು ಎರಡು ವಾರ, ಹಿಡಿತ ಮರಳಲು ತಿಂಗಳುಗಳು ಬೇಕು. ಹುರಿ ಕೆಲವೊಮ್ಮೆ ನರವನ್ನು ಸುತ್ತಿ ಅದರ ಜಾಗದಿಂದ ಎಳೆದಿರುವುದರಿಂದ ನರ ಕತ್ತರಿಸುವ ಅಪಾಯ ಇಲ್ಲಿ ನಿಜ. ಹುರಿಯನ್ನು ಕರಗಿಸುವ ಕೊಲಾಜಿನೇಸ್ ಇಂಜೆಕ್ಷನ್ನಿಗೆ ಅಮೆರಿಕದಲ್ಲಿ 2010ರಲ್ಲಿ ಅನುಮತಿ ಸಿಕ್ಕಿತು, ಆದರೆ 2020ರಲ್ಲಿ ಯುರೋಪಿನ ಮಾರುಕಟ್ಟೆಯಿಂದ ಅದನ್ನು ಹಿಂತೆಗೆಯಲಾಯಿತು. ಅದಕ್ಕಾಗಿ ಕಾಯುತ್ತಾ ಕೂರಬೇಡಿ.

ಕೈ ಶಸ್ತ್ರಚಿಕಿತ್ಸೆ ಬಲ್ಲ ಪ್ಲಾಸ್ಟಿಕ್ ಸರ್ಜನ್ ಅಥವಾ ಮೂಳೆ ತಜ್ಞರಿಗೆ ತೋರಿಸಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಹೇಳಿ, ಸಕ್ಕರೆಯನ್ನು ಮೊದಲೇ ಹತೋಟಿಗೆ ತನ್ನಿ. ನಡುಗೆಣ್ಣು ಬಾಗುತ್ತಿರುವುದು ಫೋಟೊದಲ್ಲಿ ಕಂಡರೆ ಮುಂದಿನ ಮೂರು ತಿಂಗಳ ಫೋಟೊಗೆ ಕಾಯದೆ ಆ ವಾರವೇ ಹೋಗಿ.