‘ಶುಲ್ಕ ಹಿಂತಿರುಗಿಸಲಾಗದು’ ಎಂದು ಅಚ್ಚಾದ ಫಾರಂಗೆ ಸಹಿ ಹಾಕಿದ ಮೇಲೆ

“ನನ್ನ ತಂಗಿಯನ್ನು ಮೈಸೂರಿನ ಒಂದು ನೀಟ್ ಕೋಚಿಂಗ್‌ಗೆ ಸೇರಿಸಿ ಎರಡು ವರ್ಷದ ಫೀಸು ಒಂದೇ ಸಲ ಕಟ್ಟಿದ್ದೆವು. ಮೂರೇ ತಿಂಗಳಿಗೆ ಬಿಟ್ಟಳು. ಫಾರಂನಲ್ಲಿ ‘ನಾನ್ ರಿಫಂಡಬಲ್’ ಅಂತ ಇದೆ, ಅಪ್ಪ ಸಹಿ ಹಾಕಿದ್ದಾರೆ. ಏನಾದರೂ ವಾಪಸ್ ಬರುತ್ತಾ? ಜಿಮ್‌ದೂ ಹೀಗೇನಾ?”

ಪೂರ್ತಿ ಹಣ ಬರುವುದಿಲ್ಲ, ಆದರೆ ದೊಡ್ಡ ಪಾಲು ಬರುವ ಸಾಧ್ಯತೆ ಇದೆ. ಕೋಚಿಂಗ್ ಬಿಟ್ಟಿರುವುದನ್ನು ಇನ್ನೂ ಬರವಣಿಗೆಯಲ್ಲಿ ತಿಳಿಸಿಲ್ಲವಾದರೆ ಇಂದೇ ತಿಳಿಸಿ. ಮುಂದೆ ಲೆಕ್ಕ ಹಾಕುವಾಗ ನಿಮ್ಮ ತಂಗಿ ತರಗತಿಗೆ ಹೋಗುವುದನ್ನು ನಿಲ್ಲಿಸಿದ ದಿನಕ್ಕಿಂತ, ನಿಲ್ಲಿಸಿದ್ದೇವೆಂದು ನೀವು ಪತ್ರ ಕೊಟ್ಟ ದಿನವೇ ಗಟ್ಟಿಯಾದ ಆಧಾರವಾಗುತ್ತದೆ.

ನಾನು ವಕೀಲನಲ್ಲ. ಮಂಡ್ಯದಲ್ಲಿ ಬ್ಯಾಂಕ್ ನೌಕರಿಯಿಂದ ನಿವೃತ್ತನಾದವನು. ನನ್ನ ಕಿರಿಯ ಮಗಳ ವಿಷಯದಲ್ಲಿ ಇದೇ ದಾರಿ ನಡೆದಿದ್ದೇನೆ, ಆಮೇಲೆ ನೆರೆಹೊರೆಯ ನಾಲ್ಕಾರು ಮಂದಿಗೆ ಪತ್ರ ಬರೆದುಕೊಟ್ಟಿದ್ದೇನೆ. 2023ರ ಜೂನ್‌ನಲ್ಲಿ ಅವಳು ಪ್ರಥಮ ಪಿಯುಸಿಗೆ ಸೇರಿದಾಗಲೇ ಮೈಸೂರಿನ ಒಂದು ಕೋಚಿಂಗ್ ಸಂಸ್ಥೆಯ ಸಂಜೆ ಬ್ಯಾಚಿಗೂ ಸೇರಿಸಿದೆವು. ಕಾಲೇಜು ಮುಗಿಸಿ ರೈಲಿನಲ್ಲಿ ಹೋಗಿ ರಾತ್ರಿ ಮಂಡ್ಯಕ್ಕೆ ವಾಪಸಾಗುತ್ತಿದ್ದಳು. ಸೆಪ್ಟೆಂಬರ್ ಕೊನೆಯಲ್ಲಿ ಸಂಜೆ ಬ್ಯಾಚಿನಲ್ಲಿ ಮಕ್ಕಳು ಕಡಿಮೆ ಎಂದು ಅದನ್ನು ಬೆಳಿಗ್ಗೆ ಏಳರ ಬ್ಯಾಚಿಗೆ ಸೇರಿಸಿಬಿಟ್ಟರು. ಮಂಡ್ಯದಿಂದ ಹೋಗಿ ಆ ತರಗತಿ ಮುಗಿಸಿ ಮತ್ತೆ ಇಲ್ಲಿಯ ಕಾಲೇಜಿಗೆ ಬರುವುದು ಆಗದ ಮಾತು. ಹಣ ಕೇಳಲು ಹೋದಾಗ ಕೌಂಟರಿನಲ್ಲಿದ್ದ ಹುಡುಗ ವಿನಯದಿಂದಲೇ, “ಸಾರ್, ನಮ್ಮ ಸಿಸ್ಟಂನಲ್ಲಿ ರಿಫಂಡ್ ಅನ್ನೋ ಆಪ್ಷನ್ನೇ ಇಲ್ಲ. ಬೇಕಾದ್ರೆ ನಿಮ್ಮ ನೆಂಟರ ಮಕ್ಕಳು ಯಾರಿದ್ರೂ ಅವರ ಹೆಸರಿಗೆ ಮಾಡಿಕೊಡ್ತೀವಿ” ಎಂದ.

ಮನೆಗೆ ಬಂದು ಫಾರಂನ ಹಿಂಬದಿಯನ್ನು ಮೊದಲ ಬಾರಿಗೆ ಓದಿದೆ. ಬೂದು ಬಣ್ಣದ ಇಂಗ್ಲಿಷ್ ಅಕ್ಷರಗಳು ಎಷ್ಟು ಸಣ್ಣವಾಗಿದ್ದವೆಂದರೆ ಪಂಚಾಂಗ ನೋಡುವ ಭೂತಗನ್ನಡಿ ಹಿಡಿಯಬೇಕಾಯಿತು. 9ನೆಯ ನಿಬಂಧನೆ: ಕಟ್ಟಿದ ಶುಲ್ಕವನ್ನು ಯಾವ ಕಾರಣಕ್ಕೂ ಹಿಂತಿರುಗಿಸುವುದಿಲ್ಲ. 11ನೆಯದು: ಬ್ಯಾಚಿನ ಸಮಯ, ಸ್ಥಳ ಮತ್ತು ಅಧ್ಯಾಪಕರನ್ನು ಸಂಸ್ಥೆ ಮುನ್ಸೂಚನೆಯಿಲ್ಲದೆ ಬದಲಿಸಬಹುದು. 14ನೆಯದು: ಯಾವುದೇ ವ್ಯಾಜ್ಯವನ್ನು ಸಂಸ್ಥೆಯ ಪ್ರಧಾನ ಕಚೇರಿ ಇರುವ ಊರಿನ ನ್ಯಾಯಾಲಯದಲ್ಲಿ ಮಾತ್ರ ಹೂಡಬೇಕು. ಎಲ್ಲರೂ 9ನೆಯದನ್ನು ಮಾತ್ರ ಓದಿ ಕೈಚೆಲ್ಲುತ್ತಾರೆ. ಅದನ್ನು 11ರ ಪಕ್ಕದಲ್ಲಿಟ್ಟು ಓದಿದರೆ ಆ ಕಾಗದದ ನಿಜವಾದ ಅರ್ಥ ಹೊರಬೀಳುತ್ತದೆ: ಕೊಡುತ್ತೇನೆಂದ ಸೇವೆಯನ್ನು ಸಂಸ್ಥೆ ತನಗೆ ಬೇಕಾದಂತೆ ಬದಲಿಸಬಹುದು, ಆ ಬದಲಾವಣೆ ಒಗ್ಗದವರು ಮಾತ್ರ ಹಣವನ್ನು ಬಿಟ್ಟುಕೊಟ್ಟು ಹೋಗಬೇಕು. ನಿಮ್ಮ ಫಾರಂನಲ್ಲೂ ಇಂಥ ಜೋಡಿ ಇದೆಯೇ ಎಂದು ನೋಡಿ. ನಾನು ನೋಡಿರುವ ಫಾರಂಗಳಲ್ಲಿ ಇಲ್ಲದಿದ್ದುದು ಅಪರೂಪ.

ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಕಲಂ 2(46) ಇಂಥದ್ದನ್ನೇ ‘ಅನುಚಿತ ಒಪ್ಪಂದ’ ಎಂದು ಕರೆಯುತ್ತದೆ. ಗ್ರಾಹಕ ತಪ್ಪಿದರೆ ಆದ ನಷ್ಟಕ್ಕೆ ಹೋಲಿಕೆಯೇ ಇಲ್ಲದಷ್ಟು ದಂಡ ಹಾಕುವುದು, ಅವನನ್ನು ತೊಂದರೆಗೆ ಸಿಲುಕಿಸುವಂಥ ಅಸಮಂಜಸ ಷರತ್ತು ಹೇರುವುದು ಎಲ್ಲವೂ ಅದರಲ್ಲಿ ಸೇರಿವೆ. ಸಹಿಯ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2019ರ ಏಪ್ರಿಲ್‌ನಲ್ಲಿ ಪಯೋನಿಯರ್ ಅರ್ಬನ್ ಪ್ರಕರಣದಲ್ಲಿ ಉತ್ತರ ಕೊಟ್ಟಿದೆ. ಅದು ಫ್ಲ್ಯಾಟ್ ಖರೀದಿಯ ಪ್ರಕರಣವಾದರೂ, ಒಂದು ಪಕ್ಷ ತಾನೇ ಸಿದ್ಧಪಡಿಸಿದ ಏಕಪಕ್ಷೀಯ ಕಾಗದಕ್ಕೆ ಇನ್ನೊಬ್ಬರು ಬೇರೆ ದಾರಿಯಿಲ್ಲದೆ ಸಹಿ ಹಾಕಿದ್ದರೆ ಅದರ ಷರತ್ತುಗಳು ಅವರನ್ನು ಕಟ್ಟಿಹಾಕಲಾರವು ಎಂಬ ಮಾತು ನಮಗೂ ಅನ್ವಯಿಸುತ್ತದೆ.

ಹಲವರು ಎಡವುವುದು ಇಲ್ಲಿಯೇ. ಒಪ್ಪಂದದ ಒಂದು ನಿಬಂಧನೆಯನ್ನು ಅನುಚಿತವೆಂದು ಘೋಷಿಸಿ ಅಸಿಂಧುಗೊಳಿಸುವ ಅಧಿಕಾರವನ್ನು ಕಾಯ್ದೆ ಗ್ರಾಹಕರ ದೂರು ವಿಚಾರಿಸುವ ರಾಜ್ಯ ಆಯೋಗಕ್ಕೂ ರಾಷ್ಟ್ರೀಯ ಆಯೋಗಕ್ಕೂ ಮಾತ್ರ ಸ್ಪಷ್ಟವಾಗಿ ಕೊಟ್ಟಿದೆ, ಜಿಲ್ಲಾ ಆಯೋಗಕ್ಕೆ ಕೊಟ್ಟಿಲ್ಲ. ಆದ್ದರಿಂದ ಜಿಲ್ಲಾ ಆಯೋಗದ ಮುಂದೆ “9ನೆಯ ನಿಬಂಧನೆಯನ್ನು ರದ್ದು ಮಾಡಿ” ಎಂದು ಬರೆದರೆ ಎದುರುದಾರರ ವಕೀಲರಿಗೆ ಮೊದಲ ಆಕ್ಷೇಪಣೆಯನ್ನು ನೀವೇ ಕೈಗಿಟ್ಟಂತೆ. ನಾನು ರದ್ದತಿಯನ್ನು ಕೇಳಲೇ ಇಲ್ಲ. ಒಪ್ಪಿದ ಸಂಜೆ ಬ್ಯಾಚನ್ನು ನಿಲ್ಲಿಸಿದ್ದು ಸೇವಾ ನ್ಯೂನತೆ, ಕೊಡದ ಸೇವೆಯ ಹಣವನ್ನು ಇಟ್ಟುಕೊಂಡದ್ದು ಅನುಚಿತ ವ್ಯಾಪಾರ ಪದ್ಧತಿ, ಆದ್ದರಿಂದ ಇಷ್ಟು ಮೊತ್ತ ವಾಪಸ್ ಕೊಡಿಸಿ ಎಂದಷ್ಟೇ ಕೇಳಿದೆ. 9ನೆಯ ನಿಬಂಧನೆ ಏಕಪಕ್ಷೀಯ ಎಂಬುದು ನನ್ನ ದೂರಿನಲ್ಲಿ ವಾದವಾಗಿ ಬಂತು, ಬೇಡಿಕೆಯಾಗಿ ಬರಲಿಲ್ಲ. ಊರಿನ ಬಗೆಗಿನ 14ನೆಯ ನಿಬಂಧನೆ ನಮ್ಮನ್ನು ತಡೆಯಲಿಲ್ಲ, ಏಕೆಂದರೆ ದೂರುದಾರ ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಕಲಂ 34 ಅವಕಾಶ ಕೊಡುತ್ತದೆ. ನನ್ನ ದೂರು ಮಂಡ್ಯದಲ್ಲೇ ದಾಖಲಾಯಿತು.

ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ “ನನ್ನ ಹಣ ಕೊಡಿ” ಎಂಬ ಪತ್ರಕ್ಕೂ ಲೆಕ್ಕ ಹಾಕಿದ ಪತ್ರಕ್ಕೂ ಸಿಗುವ ಮರ್ಯಾದೆ ಬೇರೆ ಬೇರೆ. ನಾವು ಕಟ್ಟಿದ್ದು 1,18,000 ರೂಪಾಯಿ. ಅದರಲ್ಲಿ 1,00,000 ಶುಲ್ಕ, 18,000 ಜಿಎಸ್‌ಟಿ. ರಸೀದಿಯ ಪ್ರಕಾರ ಶುಲ್ಕದಲ್ಲಿ 5,000 ನೋಂದಣಿಗೆ, 11,000 ಪುಸ್ತಕಗಳಿಗೆ, ಉಳಿದ 84,000 ಬೋಧನೆಗೆ. ಕೋರ್ಸು 2023ರ ಜೂನ್‌ನಿಂದ 2025ರ ಫೆಬ್ರವರಿವರೆಗೆ 21 ತಿಂಗಳು, ಅಂದರೆ ತಿಂಗಳಿಗೆ 4,000. ನಾನು ಪತ್ರ ಕೊಟ್ಟದ್ದು ಅಕ್ಟೋಬರ್ 9ರಂದು. ಅಕ್ಟೋಬರನ್ನೂ ಅವರ ಪಾಲಿಗೇ ಬಿಟ್ಟು ಐದು ತಿಂಗಳು ಮುಗಿಯಿತೆಂದು ಹಿಡಿದರೆ ಉಳಿದ 16 ತಿಂಗಳಿಗೆ 64,000. ಎರಡನೆಯ ವರ್ಷದ ಪುಸ್ತಕಗಳನ್ನು ಕೊಟ್ಟಿರಲಿಲ್ಲವಾದ್ದರಿಂದ 11,000ದಲ್ಲಿ ಅರ್ಧ, ಅಂದರೆ 5,500. ನೋಂದಣಿಯ ಹಣವನ್ನು ಕೇಳಲಿಲ್ಲ. ಒಟ್ಟು 69,500, ಅದರ ಮೇಲಿನ ಜಿಎಸ್‌ಟಿ 12,510, ಕೂಡಿದರೆ 82,010. “ಜಿಎಸ್‌ಟಿಯನ್ನು ಸರ್ಕಾರಕ್ಕೆ ಕಟ್ಟಿಯಾಗಿದೆ” ಎಂದು ಅವರು ಹೇಳಿದರು. ಸೇವೆ ಕಡಿತವಾದಾಗ ಕ್ರೆಡಿಟ್ ನೋಟ್ ಕೊಟ್ಟು ತೆರಿಗೆಯನ್ನು ಸರಿದೂಗಿಸಿಕೊಳ್ಳಲು ಆ ಆರ್ಥಿಕ ವರ್ಷ ಮುಗಿದ ಮುಂದಿನ ನವೆಂಬರ್ 30ರವರೆಗೆ ಅವರಿಗೆ ಸಮಯವಿರುತ್ತದೆ ಎಂದು ಎರಡನೆಯ ಪತ್ರದಲ್ಲಿ ಬರೆದೆ. ಆಮೇಲೆ ಆ ಮಾತು ಅವರ ಬಾಯಿಂದ ಬರಲಿಲ್ಲ.

ಪತ್ರವನ್ನು ಖುದ್ದಾಗಿ ಕೊಟ್ಟರೆ ನಕಲಿನ ಮೇಲೆ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಹಾಕದಿದ್ದರೆ ಅದನ್ನೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಇಮೇಲನ್ನೂ ಮಾಡಿ. ಬ್ಯಾಚ್ ಬದಲಾದ ವಾಟ್ಸ್‌ಆ್ಯಪ್ ಸಂದೇಶದ ಸ್ಕ್ರೀನ್‌ಶಾಟ್ ನನ್ನ ಪ್ರಕರಣದಲ್ಲಿ ಎಲ್ಲ ಕಾಗದಗಳಿಗಿಂತ ಹೆಚ್ಚು ಕೆಲಸಕ್ಕೆ ಬಂತು. ಡಿಸೆಂಬರ್‌ನಲ್ಲಿ ಸಂಸ್ಥೆಯವರು 25,000 ಕೊಡಲು ಮುಂದೆ ಬಂದರು, ಜೊತೆಗೆ ‘ಇನ್ನು ಯಾವ ಬಾಕಿಯೂ ಇಲ್ಲ’ ಎಂಬ ಅಚ್ಚಾದ ಮುಚ್ಚಳಿಕೆಯನ್ನೂ ಇಟ್ಟರು. ಅದಕ್ಕೆ ಸಹಿ ಹಾಕಿದ್ದರೆ ಮಿಕ್ಕ ಹಣದ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

2024ರ ಫೆಬ್ರವರಿಯಲ್ಲಿ ದೂರು ಕೊಟ್ಟೆ. 5 ಲಕ್ಷದವರೆಗಿನ ಪ್ರಕರಣಕ್ಕೆ ಆಯೋಗದ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ತಕರಾರು ಹುಟ್ಟಿದ ಎರಡು ವರ್ಷದೊಳಗೆ ಕೊಟ್ಟರೆ ಸಾಕು. ಅಷ್ಟರಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳ ಮಾರ್ಗಸೂಚಿ ಹೊರಡಿಸಿತ್ತು. ಪೂರ್ತಿ ಶುಲ್ಕ ಕಟ್ಟಿದ ವಿದ್ಯಾರ್ಥಿ ನಡುವೆ ಬಿಟ್ಟರೆ ಉಳಿದ ಅವಧಿಯ ಹಣವನ್ನು 10 ದಿನದೊಳಗೆ ಕೊಡಬೇಕೆಂದು ಅದರಲ್ಲಿದೆ. ಅದು ರಾಜ್ಯಗಳು ಅಳವಡಿಸಿಕೊಳ್ಳಲಿ ಎಂದು ಕಳಿಸಿದ ಮಾರ್ಗಸೂಚಿ, ಸ್ವತಃ ಕಾನೂನಲ್ಲ. ಆದರೆ ನ್ಯಾಯವಾದ ನಡವಳಿಕೆ ಯಾವುದೆಂದು ತೋರಿಸಲು ಸಾಲುತ್ತದೆ, ಹಾಗಾಗಿ ಲಗತ್ತಿಸಿದೆ. “ನಾವು ಶಿಕ್ಷಣ ಸಂಸ್ಥೆ, ಗ್ರಾಹಕ ಕಾಯ್ದೆ ನಮಗೆ ಅನ್ವಯಿಸದು” ಎಂಬ ಆಕ್ಷೇಪಣೆ ಬಂದರೆ ಹೆದರಬೇಡಿ. ಶಾಲೆ ಕಾಲೇಜುಗಳನ್ನು ಹೊರಗಿಟ್ಟ 2020ರ ಮನು ಸೋಲಂಕಿ ತೀರ್ಪಿನಲ್ಲೇ ರಾಷ್ಟ್ರೀಯ ಆಯೋಗ ಕೋಚಿಂಗ್ ಕೇಂದ್ರಗಳನ್ನು ಕಾಯ್ದೆಯ ಒಳಗೇ ಉಳಿಸಿದೆ. ನೋಟಿಸು ತಲುಪಿದ ಮೇಲೆ ಎದುರುದಾರರಿಗೆ ಉತ್ತರ ಸಲ್ಲಿಸಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ ಸಿಗುತ್ತದೆ. ಆ ಗಡುವು ಮುಗಿಯುವ ಮುನ್ನ ಮ್ಯಾನೇಜರೇ ಫೋನ್ ಮಾಡಿ 72,000ಕ್ಕೆ ಒಪ್ಪಿಕೊಂಡರು. ನಾನೂ ಒಪ್ಪಿದೆ. ಕಾಯ್ದೆಯಲ್ಲಿ ಮೂರು ತಿಂಗಳೆಂದಿದ್ದರೂ ಆದೇಶ ಅಷ್ಟು ಬೇಗ ಬರುವುದಿಲ್ಲ, ಹತ್ತು ಸಾವಿರಕ್ಕಾಗಿ ಒಂದು ವರ್ಷ ಅಲೆಯುವ ಹಟ ನನಗಿರಲಿಲ್ಲ. ಹಣ ಖಾತೆಗೆ ಬಂದ ಮೇಲೆಯೇ ರಾಜಿ ಅರ್ಜಿಗೆ ಸಹಿ ಹಾಕಿದೆ.

ನಿಮ್ಮ ತಂಗಿ ಬಿಟ್ಟ ಕಾರಣವನ್ನು ನೀವು ಬರೆದಿಲ್ಲ. ಸಂಸ್ಥೆಯ ತಪ್ಪು ಏನೂ ಇಲ್ಲದೆ, ಇಷ್ಟವಾಗದೆ ಬಿಟ್ಟಿದ್ದರೆ ಸೇವಾ ನ್ಯೂನತೆಯ ವಾದ ಸಡಿಲವಾಗುತ್ತದೆ, ಆಯೋಗಗಳ ತೀರ್ಪುಗಳೂ ಒಂದೇ ತೆರನಾಗಿಲ್ಲ. ಆಗ ನೀವು ಕೇಳಬೇಕಾದ ಪ್ರಶ್ನೆ, ಅವಳು ಬಿಟ್ಟದ್ದರಿಂದ ಅವರಿಗೆ ಆದ ನಷ್ಟ ಎಷ್ಟು ಎಂಬುದು. ಒಪ್ಪಂದ ಮುರಿದವರಿಂದ ಸಮಂಜಸವಾದ ಪರಿಹಾರವನ್ನಷ್ಟೇ ಪಡೆಯಬಹುದೆಂದು 1872ರ ಕರಾರು ಕಾಯ್ದೆಯ ಕಲಂ 74 ಹೇಳುತ್ತದೆ. ಒಂದೆರಡು ತಿಂಗಳ ಶುಲ್ಕ ಕಡಿತವಾಗಲು ಮನಸ್ಸು ಮಾಡಿಕೊಂಡೇ ಕೇಳಿ.

ಜಿಮ್‌ಗೂ ಕಾಯ್ದೆ ಇದೇ, ಆದರೆ ಲೆಕ್ಕ ಬೇರೆ. ತಿಂಗಳಿಗೆ 2,000, ವರ್ಷಕ್ಕಾದರೆ 12,000 ಎಂಬ ರಿಯಾಯಿತಿ ದರದಲ್ಲಿ ಸೇರಿ ಮೂರು ತಿಂಗಳಿಗೆ ಬಿಟ್ಟವರು 9,000 ಬರಬೇಕೆಂದು ಎಣಿಸುತ್ತಾರೆ. ಜಿಮ್‌ನವರು ಮೂರು ತಿಂಗಳಿಗೆ ತಿಂಗಳ ದರ ಹಿಡಿದು 6,000 ಎನ್ನುತ್ತಾರೆ. ತಿಂಗಳ ದರ ಸೇರುವಾಗಲೇ ಬರವಣಿಗೆಯಲ್ಲಿದ್ದರೆ ಅವರ ಲೆಕ್ಕದಲ್ಲಿ ಅನ್ಯಾಯವಿದೆ ಎಂದು ನನಗನ್ನಿಸುವುದಿಲ್ಲ. ಹಣದ ಬದಲು ಸದಸ್ಯತ್ವವನ್ನು ‘ಫ್ರೀಝ್’ ಮಾಡಿಕೊಡುತ್ತೇವೆ ಎಂದರೆ ಮಾತ್ರ ಒಪ್ಪಬೇಡಿ, ಒಪ್ಪಿದರೆ ನೀವು ಬಿಟ್ಟೇ ಇಲ್ಲ ಎಂಬುದಕ್ಕೆ ಅದೇ ಅವರಿಗೆ ದಾಖಲೆಯಾಗುತ್ತದೆ.

ಇನ್ನೊಂದನ್ನು ಇಂದೇ ನೋಡಿಕೊಳ್ಳಿ. ‘ಒಂದೇ ಸಲ ಕಟ್ಟಿದೆವು’ ಎಂದಿದ್ದೀರಿ, ಆದರೆ ನಿಮ್ಮ ತಂದೆಯವರ ಖಾತೆಯಿಂದ ತಿಂಗಳ ಕಂತು ಹೋಗುತ್ತಿದೆಯೇ? ಕೆಲವು ಕಡೆ ಪ್ರವೇಶದ ಫಾರಂನೊಂದಿಗೇ ಸಾಲದ ಅರ್ಜಿಗೂ ಸಹಿ ಹಾಕಿಸಿಕೊಂಡು, ಒಂದು ಫೈನಾನ್ಸ್ ಕಂಪನಿಯಿಂದ ಪೂರ್ತಿ ಹಣ ಪಡೆದಿರುತ್ತಾರೆ. ಹಾಗಿದ್ದರೆ ಕೋಪದಲ್ಲಿ ಕಂತು ನಿಲ್ಲಿಸಬೇಡಿ, ಸಿಬಿಲ್ ಅಂಕ ಕೆಡುವುದು ನಿಮ್ಮ ತಂದೆಯವರದ್ದೇ. ರದ್ದತಿಯ ಪತ್ರದ ಪ್ರತಿಯನ್ನು ಸಾಲ ಕೊಟ್ಟ ಕಂಪನಿಗೂ ಅದೇ ದಿನ ಕಳಿಸಿ, ದೂರು ಕೊಡುವಾಗ ಅದನ್ನು ಎರಡನೆಯ ಎದುರುದಾರರನ್ನಾಗಿ ಸೇರಿಸಿ.